ಆಯವ್ಯಯ ಪಟ್ಟಿಯಲ್ಲಿ ಸರಕು ಮತ್ತು ಸೇವಾ ತೆರಿಗೆ

ಆಯವ್ಯಯ ಪಟ್ಟಿಯಲ್ಲಿ ಸರಕು ಮತ್ತು ಸೇವಾ ತೆರಿಗೆಯನ್ನು (ಜಿಎಸ್‌ಟಿ) ತೋರಿಸುವ ಕ್ರಮವು ಒಂದು ಸಂಸ್ಥೆಯ ಮುಂಗಡ ಲೆಕ್ಕದ ಪ್ರತಿಯೊಂದು ಬಾಬಿನಲ್ಲಿ ತೆರಿಗೆ ಸೇರಿದ ಮೊತ್ತವನ್ನು ಬರೆಯಬೇಕೇ, ತೆರಿಗೆ ಬಿಟ್ಟ ಮೊತ್ತವನ್ನು ಬರೆಯಬೇಕೇ ಎಂಬುದಕ್ಕೆ ಸಂಬಂಧಿಸಿದೆ. ಕೊಳ್ಳುವಾಗ ಕೊಟ್ಟ ತೆರಿಗೆಯು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ದೊರೆಯುವುದಾದರೆ ಅದು ಸಂಸ್ಥೆಯ ಖರ್ಚಲ್ಲ. ದೊರೆಯದಿದ್ದರೆ ಅದು ಪೂರ್ಣವಾಗಿ ಖರ್ಚು. ಆದ್ದರಿಂದ ಒಂದೇ ಅಂಗಡಿಯಿಂದ ಒಂದೇ ಬೆಲೆಗೆ ಕೊಂಡ ಒಂದೇ ವಸ್ತು ಎರಡು ಸಂಸ್ಥೆಗಳ ಆಯವ್ಯಯದಲ್ಲಿ ಎರಡು ಬೇರೆ ಮೊತ್ತಗಳಾಗಿ ಬರುವುದು ಸಹಜ.

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ನೆರೆಯ ಕೊಳ್ಳೇಗಾಲ ಮತ್ತು ಹನೂರು ಭಾಗಗಳ ರೇಷ್ಮೆ ಉದ್ಯಮವು ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ಗೂಡಿನಿಂದ ಸೀರೆಯವರೆಗಿನ ದಾರಿಯಲ್ಲಿ ತೆರಿಗೆಯ ಸ್ವರೂಪ ಹಂತಹಂತಕ್ಕೂ ಬದಲಾಗುತ್ತದೆ.

## ರೇಷ್ಮೆಯ ಹಂತಗಳು ಮತ್ತು ತೆರಿಗೆ

ಜಿಎಸ್‌ಟಿ 2017ರ ಜುಲೈ 1ರಿಂದ ಜಾರಿಗೆ ಬಂದಿತು. ರೇಷ್ಮೆಗೂಡು ಮತ್ತು ಹುರಿ ಮಾಡದ ಕಚ್ಚಾ ರೇಷ್ಮೆಗೆ ತೆರಿಗೆ ವಿನಾಯಿತಿ ಇದೆ. ಹುರಿ ಮಾಡಿದ ರೇಷ್ಮೆ ನೂಲಿಗೂ ರೇಷ್ಮೆ ಬಟ್ಟೆಗೂ ಶೇ. 5ರ ತೆರಿಗೆ ಇದೆ. ರಾಜ್ಯದೊಳಗಿನ ಮಾರಾಟದಲ್ಲಿ ಇದು ಕೇಂದ್ರಕ್ಕೆ ಶೇ. 2.5, ರಾಜ್ಯಕ್ಕೆ ಶೇ. 2.5 ಎಂದು ಒಡೆಯುತ್ತದೆ. ಹೊರರಾಜ್ಯದಿಂದ ಕೊಂಡಾಗ ಒಟ್ಟಾಗಿ ಸಮಗ್ರ ತೆರಿಗೆಯಾಗಿ (ಐಜಿಎಸ್‌ಟಿ) ಬಿಲ್ಲಿನಲ್ಲಿ ಕಾಣುತ್ತದೆ.

ರೇಷ್ಮೆ ನೂಲಿಗೆ ಒಂದು ವಿಶೇಷ ನಿಯಮವಿದೆ. ಗೂಡಿನಿಂದ ಅಥವಾ ಕಚ್ಚಾ ರೇಷ್ಮೆಯಿಂದ ನೂಲು ತಯಾರಿಸುವವನು ಅದನ್ನು ನೋಂದಾಯಿತ ವ್ಯಕ್ತಿಗೆ ಮಾರಿದಾಗ ತೆರಿಗೆಯನ್ನು ಮಾರಿದವನಲ್ಲ, ಕೊಂಡವನೇ ಸರ್ಕಾರಕ್ಕೆ ಕಟ್ಟಬೇಕು. ಇದನ್ನು ರಿವರ್ಸ್ ಚಾರ್ಜ್ ಎನ್ನುತ್ತಾರೆ. ಹೀಗಾಗಿ ನೂಲಿನ ಬಿಲ್ಲಿನಲ್ಲಿ ತೆರಿಗೆಯ ಮೊತ್ತ ಸೇರಿರುವುದಿಲ್ಲ, ಆದರೆ ತೆರಿಗೆ ಇಲ್ಲವೆಂದು ಅರ್ಥವಲ್ಲ. ಬಿಲ್ಲನ್ನು ಮಾತ್ರ ನೋಡಿ ಆಯವ್ಯಯ ಬರೆಯುವ ನೇಕಾರಿಕೆ ಘಟಕಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೊಂಡವನು ಈ ಬಾಬ್ತಿನ ತೆರಿಗೆಯನ್ನು ನಗದಾಗಿಯೇ ಕಟ್ಟಬೇಕು. ಕೈಯಲ್ಲಿರುವ ಜಮೆಯಿಂದ ತೀರಿಸುವಂತಿಲ್ಲ. ಕಟ್ಟಿದ ನಂತರ ಅದನ್ನು ಜಮೆಯಾಗಿ ಪಡೆಯಬಹುದು.

## ಯಾರಿಗೆ ಯಾವ ಮೊತ್ತ

ನೂಲು ಬಿಚ್ಚಾಣಿಕೆ ಘಟಕವು ಕಚ್ಚಾ ರೇಷ್ಮೆಯನ್ನು ಮಾತ್ರ ಮಾರುತ್ತಿದ್ದರೆ ಅದರ ಮಾರಾಟವೆಲ್ಲ ವಿನಾಯಿತಿಗೆ ಒಳಪಟ್ಟದ್ದು. ವಿನಾಯಿತಿ ಪಡೆದ ಮಾರಾಟಕ್ಕಾಗಿ ಬಳಸಿದ ಸರಕು ಮತ್ತು ಸೇವೆಗಳ ಮೇಲೆ ಜಮೆ ಸಿಗದು. ಘಟಕವು ಹುರಿ ಮಾಡಿ ನೂಲನ್ನು ರಿವರ್ಸ್ ಚಾರ್ಜ್‌ನಲ್ಲಿ ಮಾರಿದರೂ ಫಲ ಬೇರೆಯಾಗದು. ಜಮೆಯ ಲೆಕ್ಕಕ್ಕೆ ಅಂತಹ ಮಾರಾಟವನ್ನೂ ಕೇಂದ್ರ ಜಿಎಸ್‌ಟಿ ಅಧಿನಿಯಮದ 17(3)ನೇ ಪ್ರಕರಣವು ವಿನಾಯಿತಿಯ ಮಾರಾಟವೆಂದೇ ಎಣಿಸುತ್ತದೆ. ಆದ್ದರಿಂದ ಈ ಘಟಕಗಳು ತಮ್ಮ ಖರ್ಚಿನ ಬಾಬುಗಳನ್ನೆಲ್ಲ ತೆರಿಗೆ ಸೇರಿಸಿಯೇ ಬರೆಯಬೇಕು.

ಸೀರೆ ನೇಯ್ದು ಶೇ. 5ರ ತೆರಿಗೆಯೊಂದಿಗೆ ಮಾರುವ ನೋಂದಾಯಿತ ಘಟಕದ ಸ್ಥಿತಿ ಇದಕ್ಕೆ ವಿರುದ್ಧ. ಅದು ಜಮೆ ದೊರೆಯುವ ಬಾಬುಗಳನ್ನು ತೆರಿಗೆ ಬಿಟ್ಟು ಬರೆಯಬೇಕು. ಮಾರಾಟದ ಆದಾಯವನ್ನೂ ತೆರಿಗೆ ಬಿಟ್ಟೇ ತೋರಿಸಬೇಕು, ಏಕೆಂದರೆ ಗಿರಾಕಿಯಿಂದ ವಸೂಲಾದ ತೆರಿಗೆ ಸರ್ಕಾರದ ಹಣ. ಭಾರತೀಯ ಲೆಕ್ಕ ಪರಿಶೋಧಕರ ಸಂಸ್ಥೆಯ ಲೆಕ್ಕಪತ್ರ ಮಾನದಂಡ 2 ಸಹ ಮರಳಿ ದೊರೆಯುವ ತೆರಿಗೆಯನ್ನು ದಾಸ್ತಾನಿನ ವೆಚ್ಚದಿಂದ ಹೊರಗಿಡುತ್ತದೆ.

ಕೆಲವು ಬಾಬುಗಳಿಗೆ ಮಾತ್ರ ನೇಕಾರಿಕೆ ಘಟಕಕ್ಕೂ ಜಮೆಯಿಲ್ಲ. 17(5)ನೇ ಪ್ರಕರಣವು ಊಟೋಪಚಾರದ ಸೇವೆ, ಸ್ವಂತ ಕಟ್ಟಡದ ನಿರ್ಮಾಣ, ಸಾಮಾನ್ಯ ಬಳಕೆಯ ಕಾರು ಮೊದಲಾದವುಗಳ ಜಮೆಯನ್ನು ತಡೆಹಿಡಿದಿದೆ. ಇಂತಹ ಬಾಬನ್ನು ತೆರಿಗೆ ಸೇರಿಸಿ ಬರೆಯಬೇಕು.

## ಸೇರಿದ ಮೊತ್ತದಿಂದ ತೆರಿಗೆಯನ್ನು ಬೇರ್ಪಡಿಸುವುದು

ಅಂಗಡಿಯವರು ಹೇಳುವ ದರ ಬಹುಮಟ್ಟಿಗೆ ತೆರಿಗೆ ಸೇರಿದ್ದು. ಅದರಿಂದ ತೆರಿಗೆಯನ್ನು ಹೀಗೆ ಬೇರ್ಪಡಿಸಬೇಕು:

```
ತೆರಿಗೆ = ಸೇರಿದ ಮೊತ್ತ × ದರ ÷ (100 + ದರ)
```

ಶೇ. 18ರ ತೆರಿಗೆ ಸೇರಿ ₹59,000 ಆಗುವ ಗಣಕಯಂತ್ರದಲ್ಲಿ ತೆರಿಗೆ 59,000 × 18 ÷ 118, ಅಂದರೆ ₹9,000. ಮೂಲ ಬೆಲೆ ₹50,000. ₹59,000ಕ್ಕೇ ಶೇ. 18 ಹಾಕಿ ₹10,620 ಎಂದು ಕಳೆದರೆ ಮೂಲ ಬೆಲೆ ₹48,380 ಎಂದು ಬರುತ್ತದೆ. ಬಂದ ಉತ್ತರಕ್ಕೆ ಮತ್ತೆ ಶೇ. 18 ಕೂಡಿಸಿ ನೋಡುವುದು ಇದನ್ನು ಪರೀಕ್ಷಿಸುವ ಸುಲಭ ಉಪಾಯ. 48,380ಕ್ಕೆ ಕೂಡಿಸಿದಾಗ 59,000 ಬರುವುದಿಲ್ಲ.

## ಒಂದು ನೇಕಾರಿಕೆ ಘಟಕದ ಆಯವ್ಯಯ

ಮುಂದಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಘಟಕವು ನೂಲು ತಯಾರಕನಿಂದ ನೂಲು ಕೊಂಡು, ಬಣ್ಣ ಹಾಕಿಸಿ, ಸೀರೆ ನೇಯ್ದು ಮಾರುತ್ತದೆ ಎಂದಿಟ್ಟುಕೊಳ್ಳಬಹುದು.

| ಬಾಬು | ತೆರಿಗೆ ಬಿಟ್ಟ ಮೊತ್ತ (₹) | ತೆರಿಗೆ (₹) | ಆಯವ್ಯಯದಲ್ಲಿ ಬರೆಯಬೇಕಾದದ್ದು (₹) |
|---|---|---|---|
| ರೇಷ್ಮೆ ನೂಲು (ರಿವರ್ಸ್ ಚಾರ್ಜ್) | 10,00,000 | 50,000 | 10,00,000 |
| ಬಣ್ಣ ಹಾಕಿಸುವ ಕೂಲಿ | 80,000 | 4,000 | 80,000 |
| ನೌಕರರ ವೇತನ | 4,00,000 | ಇಲ್ಲ | 4,00,000 |
| ಗಣಕಯಂತ್ರ | 50,000 | 9,000 | 50,000 |
| ಲೆಕ್ಕ ಪರಿಶೋಧಕರ ಶುಲ್ಕ | 20,000 | 3,600 | 20,000 |
| ಹಬ್ಬದ ಊಟ (ಜಮೆಯಿಲ್ಲ) | 10,000 | 500 | 10,500 |
| ಒಟ್ಟು ಖರ್ಚು | | | 15,60,500 |

ಸೀರೆಗಳ ಮಾರಾಟ ₹18,00,000. ಅದರ ಮೇಲೆ ವಸೂಲಾಗುವ ತೆರಿಗೆ ₹90,000. ಆದಾಯದ ಬಾಬಿನಲ್ಲಿ ₹18,00,000 ಮಾತ್ರ ಬರೆಯಬೇಕು. ಉಳಿತಾಯ ₹2,39,500.

ತೆರಿಗೆಯ ಲೆಕ್ಕವನ್ನು ಪ್ರತ್ಯೇಕವಾಗಿ ನೋಡಿದರೆ, ಊಟದ ₹500 ಬಿಟ್ಟು ದೊರೆಯುವ ಜಮೆ ₹66,600. ₹90,000ದಲ್ಲಿ ಇದನ್ನು ಕಳೆದರೆ ₹23,400 ಕಟ್ಟಬೇಕಾಗುತ್ತದೆ. ನೂಲಿನ ಬಾಬ್ತು ನಗದಾಗಿ ಕಟ್ಟಿದ ₹50,000 ಸೇರಿ ಸರ್ಕಾರಕ್ಕೆ ಹೋದದ್ದು ₹73,400. ಸರಬರಾಜುದಾರರ ಕೈಗೆ ಕೊಟ್ಟ ₹16,600 ತೆರಿಗೆಯನ್ನು ಕೂಡಿಸಿದರೆ ಸರಿಯಾಗಿ ₹90,000. ಗಿರಾಕಿಗಳಿಂದ ಬಂದ ತೆರಿಗೆ ಹೀಗೆ ಪೂರ್ತಿಯಾಗಿ ಹೊರಟುಹೋಗುತ್ತದೆ; ಆದಾಯದ ಬಾಬಿನಲ್ಲಿ ₹18,90,000 ಬರೆದಿದ್ದರೆ ಇಲ್ಲದ ₹90,000 ಉಳಿತಾಯವಾಗಿ ಕಾಣುತ್ತಿತ್ತು.

ತೆರಿಗೆ ಖರ್ಚಲ್ಲವಾದರೂ ಅದಕ್ಕೆ ಕೈಯಲ್ಲಿ ಹಣ ಬೇಕು. ನೂಲನ್ನು ಹಬ್ಬದ ಹಂಗಾಮಿಗೆ ಮುಂಚೆಯೇ ಒಟ್ಟಾಗಿ ಕೊಂಡರೆ ₹50,000 ಆ ತಿಂಗಳ ರಿಟರ್ನಿನೊಂದಿಗೆ ಕಟ್ಟಬೇಕು, ಸೀರೆ ಮಾರಿದ ಹಣ ಬರುವುದು ತಿಂಗಳುಗಳ ಮೇಲೆ. ಆದ್ದರಿಂದ ಆಯವ್ಯಯದ ಜೊತೆಗೆ ನಗದು ಹರಿವಿನ ತಿಂಗಳವಾರು ಪಟ್ಟಿಯನ್ನು ಇಟ್ಟು, ಅದರಲ್ಲಿ ಮಾತ್ರ ಮೊತ್ತಗಳನ್ನು ತೆರಿಗೆ ಸೇರಿಸಿ ಬರೆಯುವುದು ಸರಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ತೋರಿಸಲು ಹೋದಾಗ ಕೆಲವು ಬಾಬುಗಳು ಸೇರಿದ್ದು, ಕೆಲವು ಬಿಟ್ಟದ್ದು ಎಂಬ ಕಲಬೆರಕೆ ಉಂಟಾಗುತ್ತದೆ.

## ಎರಡೂ ಬಗೆಯ ಮಾರಾಟವಿದ್ದಾಗ

ಒಂದೇ ಸಂಸ್ಥೆ ಕಚ್ಚಾ ರೇಷ್ಮೆಯನ್ನೂ ಸೀರೆಯನ್ನೂ ಮಾರುವುದುಂಟು. ಆಗ ನೇಯ್ಗೆಗೆ ಮಾತ್ರ ಬಳಸಿದ್ದಕ್ಕೆ ಪೂರ್ಣ ಜಮೆ, ಬಿಚ್ಚಾಣಿಕೆಗೆ ಮಾತ್ರ ಬಳಸಿದ್ದಕ್ಕೆ ಜಮೆಯಿಲ್ಲ. ಎರಡಕ್ಕೂ ಸಮಾನವಾದ ಬಾಬಿನಲ್ಲಿ ಮಾರಾಟದ ಪ್ರಮಾಣಕ್ಕೆ ತಕ್ಕಂತೆ ಭಾಗ. ಒಟ್ಟು ₹20 ಲಕ್ಷ ಮಾರಾಟದಲ್ಲಿ ₹12 ಲಕ್ಷ ಕಚ್ಚಾ ರೇಷ್ಮೆಯದ್ದಾದರೆ ಶೇ. 60 ಜಮೆ ಹೋಗುತ್ತದೆ. ಲೆಕ್ಕ ಪರಿಶೋಧಕರ ಶುಲ್ಕದ ₹3,600 ತೆರಿಗೆಯಲ್ಲಿ ₹2,160 ಖರ್ಚಾಗಿ, ಆಯವ್ಯಯದ ಬಾಬು ₹22,160 ಆಗುತ್ತದೆ. ಇದು ಸೇರಿದ ಮೊತ್ತವೂ ಅಲ್ಲ, ಬಿಟ್ಟ ಮೊತ್ತವೂ ಅಲ್ಲ.

ಗಣಕಯಂತ್ರದಂತಹ ಬಂಡವಾಳ ಸರಕಿನ ತೆರಿಗೆಯನ್ನು 60 ತಿಂಗಳಿಗೆ ಹಂಚಬೇಕು. ₹9,000ಕ್ಕೆ ತಿಂಗಳಿಗೆ ₹150, ಅದರಲ್ಲಿ ಶೇ. 60, ಅಂದರೆ ₹90ನ್ನು ತಿಂಗಳು ತಿಂಗಳು ಹಿಂದಿರುಗಿಸಬೇಕು. ವರ್ಷಕ್ಕೆ ₹1,080. ಈ ಪ್ರಮಾಣವನ್ನು ಮಾರಾಟದ ಅಂದಾಜಿನ ಮೇಲೆ ಹಿಡಿದಿರುವುದರಿಂದ ವರ್ಷ ಮುಗಿದ ಮೇಲೆ ನಿಜವಾದ ಮಾರಾಟಕ್ಕೆ ಸರಿಹೊಂದಿಸಬೇಕಾಗುತ್ತದೆ.

## ರಾಜಿ ತೆರಿಗೆಯವರ ಸ್ಥಿತಿ

ಸಣ್ಣ ಉತ್ಪಾದಕರು ರಾಜಿ ತೆರಿಗೆ ಯೋಜನೆಯಲ್ಲಿ ವಹಿವಾಟಿನ ಶೇ. 1ನ್ನು ಕಟ್ಟಬಹುದು. ಅವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಜಮೆ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಆದರೆ ಅವರೂ ನೋಂದಾಯಿತರೇ; ನೂಲಿನ ಮೇಲಿನ ₹50,000 ಅವರಿಗೂ ತಪ್ಪುವುದಿಲ್ಲ, ಅದು ಮರಳಿ ಬರುವುದೂ ಇಲ್ಲ.

ಮೇಲಿನ ಘಟಕವೇ ಈ ಯೋಜನೆಯಲ್ಲಿದ್ದರೆ ಖರ್ಚು ₹66,600 ಹೆಚ್ಚಿ ₹16,27,100 ಆಗುತ್ತದೆ. ಉಡುವವರಿಗೇ ನೇರವಾಗಿ ಮಾರಿ ಒಟ್ಟು ₹18,90,000 ಪಡೆದರೆ, ₹18,900 ತೆರಿಗೆ ಕಳೆದು ಉಳಿತಾಯ ₹2,44,000; ಸಾಮಾನ್ಯ ನೋಂದಣಿಗಿಂತ ಸ್ವಲ್ಪ ಮೇಲು. ಜಮೆ ಬಯಸುವ ಬಟ್ಟೆ ಅಂಗಡಿಗೆ ಮಾರುವುದಾದರೆ ಅಂಗಡಿಯವನು ₹18,00,000ಕ್ಕಿಂತ ಹೆಚ್ಚು ಕೊಡಲು ಒಪ್ಪಲಾರ. ಆಗ ₹18,000 ತೆರಿಗೆ ಕಳೆದು ಉಳಿಯುವುದು ₹1,54,900 ಮಾತ್ರ.

## ಜಮೆ ಕೈತಪ್ಪುವ ಸಂದರ್ಭಗಳು

ಜಮೆ ದೊರೆಯುವುದೆಂದು ಬಾಬನ್ನು ತೆರಿಗೆ ಬಿಟ್ಟು ಬರೆದ ಮೇಲೂ ಅದು ಕೈತಪ್ಪಬಹುದು. ಬಿಲ್ಲಿನಲ್ಲಿ ಕೊಂಡವರ ನೋಂದಣಿ ಸಂಖ್ಯೆ (GSTIN) ಇಲ್ಲದಿದ್ದರೆ, ಅಥವಾ ಮಾರಿದವನು ತನ್ನ ರಿಟರ್ನಿನಲ್ಲಿ ಆ ಬಿಲ್ಲನ್ನು ತೋರಿಸದಿದ್ದರೆ, ಕೊಂಡವರ GSTR-2B ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಖರೀದಿ ಪುಸ್ತಕವನ್ನು ಪ್ರತಿ ತಿಂಗಳೂ ಆ ಪಟ್ಟಿಯೊಂದಿಗೆ ಹೋಲಿಸಿ ನೋಡುವುದೇ ಇದನ್ನು ಪತ್ತೆಹಚ್ಚುವ ದಾರಿ. ಸರಬರಾಜುದಾರನಿಗೆ ಬಿಲ್ಲಿನ ದಿನದಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ ಪಡೆದ ಜಮೆಯನ್ನು ಹಿಂದಿರುಗಿಸಬೇಕು, ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ರಿವರ್ಸ್ ಚಾರ್ಜ್ ಬಾಬಿಗೆ ಈ ಷರತ್ತಿಲ್ಲ. ಒಂದು ಆರ್ಥಿಕ ವರ್ಷದ ಬಿಲ್ಲಿನ ಜಮೆಯನ್ನು ಮುಂದಿನ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನನ್ನು ಅದಕ್ಕೂ ಮೊದಲೇ ಸಲ್ಲಿಸಿದರೆ ಅಷ್ಟರೊಳಗೆ, ಪಡೆಯಬೇಕು. ಬಂಡವಾಳ ಸರಕಿನ ತೆರಿಗೆಯನ್ನು ಬೆಲೆಗೆ ಸೇರಿಸಿ ಆದಾಯ ತೆರಿಗೆಯಲ್ಲಿ ಸವಕಳಿ ಪಡೆದಿದ್ದರೆ ಆ ಭಾಗಕ್ಕೆ ಜಮೆ ಇಲ್ಲ.