ಸಭಾಮಂದಿರದ ಆಣೆ

ಕ್ರೈಸ್ತಮತವು ಯೆಹೂದ್ಯಮತದಿಂದ ಬೇರ್ಪಟ್ಟುದು ಎಂದು? ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಕ್ರಿ. ಶ. 70ರಲ್ಲೆಂದು ಕೆಲವರೂ, ಬಾರ್ ಕೊಖ್ಬನ ದಂಗೆಯು ಅಡಗಿದ 135ರಲ್ಲೆಂದು ಕೆಲವರೂ ಹೇಳುತ್ತ ಬಂದಿರುವರು. ಇಂತಹ ಒಂದೇ ಗಡಿಯನ್ನು ಒಪ್ಪುವುದಕ್ಕೆ ಅಂತಿಯೋಕ್ಯ ನಗರದ ಸಾಕ್ಷ್ಯವು ಅಡ್ಡಬರುತ್ತದೆ.

386ರಲ್ಲಿ ಅಲ್ಲಿಯ ಪಾದ್ರಿಯಾದ ಯೋಹಾನ ಕ್ರಿಸೋಸ್ತೊಮನು ಉಪದೇಶಮಾಲೆಯೊಂದನ್ನು ಆರಂಭಿಸಿದನು. ಅದರ ನಿಂದೆಯೆಲ್ಲವೂ ಯೆಹೂದ್ಯರ ಮೇಲೆ. ಆದರೆ ಅವನು ತಡೆಯಬಯಸಿದುದು ತನ್ನ ಸಭೆಯವರನ್ನೇ. ಇವರು ಯೆಹೂದ್ಯರ ತುತ್ತೂರಿಯ ಹಬ್ಬಕ್ಕೆ ಹೋಗುತ್ತಿದ್ದರು. ಅವರೊಡನೆ ಉಪವಾಸವನ್ನೂ ಮಾಡುತ್ತಿದ್ದರು. ಕ್ರೈಸ್ತನೆನಿಸಿಕೊಂಡವನೊಬ್ಬನು ವ್ಯವಹಾರದ ವಿವಾದವೊಂದರಲ್ಲಿ ಕ್ರೈಸ್ತ ಸ್ತ್ರೀಯೊಬ್ಬಳಿಂದ ಆಣೆಯಿಡಿಸಲು ಆಕೆಯನ್ನು ಯೆಹೂದ್ಯರ ಸಭಾಮಂದಿರಕ್ಕೆ ಬಲಾತ್ಕಾರವಾಗಿ ಕರೆದೊಯ್ಯುತ್ತಿದ್ದನಂತೆ. ಕ್ರಿಸೋಸ್ತೊಮನು ತಡೆದು ಕಾರಣ ಕೇಳಲು, ಅಲ್ಲಿಯ ಆಣೆಯೇ ಹೆಚ್ಚು ಭಯಂಕರವೆಂದು ಹಲವರು ಹೇಳಿರುವರೆಂಬ ಉತ್ತರ ಬಂದಿತು. ಧರ್ಮಸ್ಥಳದ ಆಣೆಯನ್ನು ಬಲ್ಲ ನಮಗೆ ಈ ಮಾತು ಹೊಸದಲ್ಲ. ದಂಗೆ ಅಡಗಿ ಎರಡೂವರೆ ಶತಮಾನ ಕಳೆದಿದ್ದರೂ ಜನರ ನಡೆಯಲ್ಲಿ ಗಡಿಯು ಇನ್ನೂ ಗಟ್ಟಿಯಾಗಿರಲಿಲ್ಲ.

ಗಡಿಯನ್ನು ಎಳೆದವರು ಎರಡೂ ಪಕ್ಷಗಳ ಪಂಡಿತರು, ಅದೂ ಬಹುಕಾಲದಲ್ಲಿ, ಎಂದು 2004ರಲ್ಲಿ ಡೇನಿಯಲ್ ಬೊಯಾರಿನ್ ವಾದಿಸಿದುದಕ್ಕೆ ಇಂತಹ ಸಂಗತಿಗಳೇ ಬಲ. ಆದರೂ ಒಂದು ನಗರದ ಮಾತನ್ನು ಎಲ್ಲೆಡೆಗೂ ಅನ್ವಯಿಸಲಾಗದು. ಅಂತಿಯೋಕ್ಯದಲ್ಲಿಯೂ ಹೀಗೆ ನಡೆದವರೆಷ್ಟು ಮಂದಿಯೆಂಬುದು ತಿಳಿಯದು. ಉಪವಾಸವಿದ್ದವರು ಹಲವರಾಗಿದ್ದರೂ ಅದನ್ನು ಊರಿಗೆಲ್ಲ ಸಾರಬೇಡಿರೆಂದು ಕ್ರಿಸೋಸ್ತೊಮನೇ ಕೇಳುಗರಿಗೆ ವಿಧಿಸಿದ್ದನು.