ಮೋಟಾರು ಚಾಲಿತ ಲೈನ್ ಶಾಫ್ಟ್‌ನ ವ್ಯಾಸ ನಿರ್ಧರಿಸುವ ಕ್ರಮ

ಹಿಟ್ಟಿನ ಗಿರಣಿ ಮುಂತಾದ ಘಟಕಗಳಲ್ಲಿ ಒಂದೇ ಮೋಟಾರಿನಿಂದ ಹಲವು ಯಂತ್ರಗಳನ್ನು ನಡೆಸಲು ಅಳವಡಿಸುವ ಉದ್ದನೆಯ ದಂಡವೇ ಲೈನ್ ಶಾಫ್ಟ್. ಯಂತ್ರೋಪಕರಣಗಳ ವಿವರ ಸಿದ್ಧಪಡಿಸುವ ಅರ್ಜಿದಾರರು ಮೋಟಾರಿನ ಅಶ್ವಶಕ್ತಿಯೊಂದನ್ನೇ ಆಧರಿಸಿ ಇದರ ವ್ಯಾಸವನ್ನು ನಮೂದಿಸಿದಲ್ಲಿ ಲೆಕ್ಕ ತಪ್ಪುವ ಸಂಭವವಿರುತ್ತದೆ. ಶಾಫ್ಟನ್ನು ತಿರುಚುವ ಬಲಕ್ಕಿಂತ, ಬೆಲ್ಟಿನ ಎಳೆತದಿಂದ ಅದು ಬಾಗುವುದೇ ಬಹುತೇಕ ಸಂದರ್ಭಗಳಲ್ಲಿ ಹೆಚ್ಚಿನದಾಗಿರುತ್ತದೆ.

ಉದಾಹರಣೆಗೆ, 7.5 ಕಿಲೋವ್ಯಾಟ್ (10 ಅಶ್ವಶಕ್ತಿ) ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ ಎಂದು ಭಾವಿಸಿ. ಮೋಟಾರಿನಲ್ಲಿ 125 ಮಿ.ಮೀ. ಹಾಗೂ ಶಾಫ್ಟಿನಲ್ಲಿ 600 ಮಿ.ಮೀ. ಪುಲ್ಲಿ ಇದ್ದರೆ ಶಾಫ್ಟಿನ ವೇಗ 300 ಸುತ್ತು. ಆಗ ತಿರುಚುಬಲ:

```
T = 60 × 7500 / (2π × 300) = 239 N·m
```

ಇದನ್ನು ಪುಲ್ಲಿಯ ತ್ರಿಜ್ಯ 0.3 ಮೀಟರಿನಿಂದ ಭಾಗಿಸಿದರೆ ಬೆಲ್ಟಿನ ಎರಡು ಬದಿಗಳ ಎಳೆತದ ವ್ಯತ್ಯಾಸ ಸುಮಾರು 796 ನ್ಯೂಟನ್. ಬಿಗಿ ಬದಿಯ ಎಳೆತ ಸಡಿಲ ಬದಿಯ 2.5 ಪಟ್ಟು ಇದ್ದಲ್ಲಿ ಅವು 1326 ಮತ್ತು 530 ನ್ಯೂಟನ್ ಆಗುತ್ತವೆ. ಶಾಫ್ಟನ್ನು ಬಾಗಿಸುವುದು ಇವುಗಳ ವ್ಯತ್ಯಾಸವಲ್ಲ, ಮೊತ್ತ. ಮೋಟಾರು ನೇರ ಕೆಳಗಿದ್ದರೆ ಸುಮಾರು 35 ಕಿಲೋ ಪುಲ್ಲಿಯ ತೂಕವೂ ಸೇರಿ ಒಟ್ಟು 2200 ನ್ಯೂಟನ್ ಕೆಳಮುಖ ಬಲವಾಗುತ್ತದೆ. ಬೇರಿಂಗುಗಳ ಅಂತರ 800 ಮಿ.ಮೀ. ಇದ್ದು ಪುಲ್ಲಿ ನಡುವಿನಲ್ಲಿದ್ದಲ್ಲಿ:

```
M = 2200 × 0.8 / 4 = 440 N·m
```

ಸಮನಾಗಿ ನಡೆಯುವ ಶಾಫ್ಟಿಗೆ ಬಾಗುವಿಕೆಯನ್ನು 1.5 ರಿಂದ, ತಿರುಚುಬಲವನ್ನು 1.0 ರಿಂದ ಗುಣಿಸುವುದು ವಾಡಿಕೆ. ಕೀ ಕೂರಿಸಲು ಸೀಳು ತೋಡಿದ ಸಾಮಾನ್ಯ ಉಕ್ಕಿನ ಶಾಫ್ಟಿಗೆ ಅನುಮತಿಸಬಹುದಾದ ಶಿಯರ್ ಒತ್ತಡವನ್ನು 42 N/mm² ಎಂದು ಪರಿಗಣಿಸಲಾಗುತ್ತದೆ, ಸೀಳಿಲ್ಲದಿದ್ದರೆ 56.

```
Te = √((1.5 × 440)² + 239²) = 702 N·m
d³ = 16 × 702000 / (π × 42)
d  = 44 mm
```

ಅಂಗಡಿಯಲ್ಲಿ ದೊರೆಯುವ ಮುಂದಿನ ಅಳತೆಯಾದ 45 ಮಿ.ಮೀ. ಆಯ್ಕೆ ಮಾಡತಕ್ಕದ್ದು. ತಿರುಚುಬಲವೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದರೆ 31 ಮಿ.ಮೀ. ಬರುತ್ತಿತ್ತು. 32 ಮಿ.ಮೀ. ಶಾಫ್ಟ್ ಹಾಕಿದ ಪಕ್ಷದಲ್ಲಿ ಇದೇ ಭಾರಕ್ಕೆ ಲೆಕ್ಕದ ಒತ್ತಡ 109 N/mm², ಅಂದರೆ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು.

ಅಂತಹ ಶಾಫ್ಟ್ ಮೊದಲ ದಿನವೇ ಮುರಿಯದಿರಬಹುದು. ತಿರುಗುವಾಗ ಅದರ ಹೊರಮೈಯ ಪ್ರತಿ ಬಿಂದುವೂ ಸುತ್ತಿಗೊಮ್ಮೆ ಹಿಗ್ಗಿ ಕುಗ್ಗುತ್ತದೆ. ಈ ವೇಗದಲ್ಲಿ ಗಂಟೆಗೆ 18,000 ಬಾರಿ. ಬಿರುಕು ಸಾಮಾನ್ಯವಾಗಿ ಕೀ ಸೀಳಿನ ಮೂಲೆಯಲ್ಲಿ ಹುಟ್ಟಿ ನಿಧಾನವಾಗಿ ಒಳಗೆ ಸಾಗುತ್ತದೆ. ಮುರಿದ ಮುಖದ ಒಂದು ಭಾಗ ನಯವಾಗಿ, ಉಳಿದದ್ದು ಒರಟಾಗಿ ಕಂಡುಬಂದಲ್ಲಿ ಕಾರಣ ಇದೇ ಎಂದು ತಿಳಿಯಬಹುದು. ಅದೇ ವ್ಯಾಸದ ಶಾಫ್ಟನ್ನೇ ಮತ್ತೆ ಹಾಕುವುದು ವ್ಯರ್ಥ ಖರ್ಚು.

ಪುಲ್ಲಿಯು ಬೇರಿಂಗಿನ ಹೊರಗೆ ಚಾಚಿಕೊಂಡಿದ್ದರೆ ಕೇವಲ 200 ಮಿ.ಮೀ. ಚಾಚಿಗೇ ಮೇಲಿನಷ್ಟೇ ಬಾಗುವಿಕೆ ಉಂಟಾಗುತ್ತದೆ. ಭಾರವು ಜರ್ಕಿನಿಂದ ಬೀಳುವ ಯಂತ್ರಗಳಿಗೆ ಗುಣಕಗಳನ್ನು 2.0 ಮತ್ತು 1.5 ಎಂದು ತೆಗೆದುಕೊಂಡಲ್ಲಿ ವ್ಯಾಸ 48.7 ಮಿ.ಮೀ. ಬರುವುದರಿಂದ 50 ಮಿ.ಮೀ. ಶಾಫ್ಟ್ ಬೇಕಾಗುತ್ತದೆ. ಬೇರಿಂಗುಗಳ ಅಂತರ ಹೆಚ್ಚಿದ್ದಲ್ಲಿ ಶಾಫ್ಟ್ ಎಷ್ಟು ಜಗ್ಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು. ಈ ಸೂತ್ರವು ಅದನ್ನು ಒಳಗೊಂಡಿರುವುದಿಲ್ಲ.