ಸೀಲಿಯಾಕ್ ಆಹಾರ ಚರಿತ್ರೆ
ಗೋಧಿ, ಬಾರ್ಲಿ ಮತ್ತು ರೈಯಲ್ಲಿರುವ ಗ್ಲುಟೆನ್‌ನಿಂದ ಸಣ್ಣ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಹೊಸದಾಗಿ ಪತ್ತೆಯಾದವರ ಊಟದ ವಿವರ ಕೇಳಿ, ಸಲಹೆ ಬರೆದಿಡುವ ದಾಖಲೆ. ಶಿಕಾರಿಪುರ, ಸೊರಬದಂಥ ಅನ್ನ ಉಣ್ಣುವ ಊರಿನಲ್ಲಿ ‘ಗೋಧಿ ತಿನ್ನುತ್ತೀರಾ?’ ಎಂದರೆ ‘ಇಲ್ಲ’ ಎಂಬ ಉತ್ತರವೇ ಬರಬಹುದು, ಅಷ್ಟಕ್ಕೇ ನಿಲ್ಲಬಾರದು. ಹಿಂದಿನ ದಿನದ ಊಟವನ್ನು ಹೊತ್ತುಹೊತ್ತಿಗೆ ಕೇಳಬೇಕು.

ಒಂದು ಮಾದರಿ: ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಮಾಲ್ಟ್ ಬೆರೆಸಿದ ಹಾಲು. ಮಾಲ್ಟ್ ಸಾಮಾನ್ಯವಾಗಿ ಬಾರ್ಲಿಯದು. ಸಾರಿನ ಒಗ್ಗರಣೆಯ ಡಬ್ಬಿ ಇಂಗಿಗೆ ಹೆಚ್ಚಾಗಿ ಮೈದಾ ಸೇರಿಸಿರುತ್ತಾರೆ. ಗೋಧಿ ಬೀಸಿದ ಗಿರಣಿಯಲ್ಲೇ ಅಕ್ಕಿ ಬೀಸಿದರೆ ರೊಟ್ಟಿಯ ಹಿಟ್ಟೂ ಕೆಡುತ್ತದೆ. ಹಿಟ್ಟನ್ನು ಮನೆಯ ಮಿಕ್ಸಿಯಲ್ಲಿ ಮಾಡಿಕೊಳ್ಳುವುದು ಕ್ಷೇಮ. ಭಾರತದಲ್ಲಿ ‘ಗ್ಲುಟೆನ್ ಮುಕ್ತ’ ಎಂದು ಮಾರುವ ಆಹಾರದ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮಿತಿ. ಹೀಗಾಗಿ ಚಿಟಿಕೆ ಹಿಟ್ಟನ್ನೂ ಕಡೆಗಣಿಸುವಂತಿಲ್ಲ.

ಗೋಧಿ ಬಿಟ್ಟು ಬರೀ ಬಿಳಿ ಅನ್ನಕ್ಕೆ ನಿಂತರೆ ಕಬ್ಬಿಣ, ಫೋಲೇಟ್, ನಾರು ಕಡಿಮೆಯಾಗುತ್ತವೆ. ಇವಕ್ಕೆ ಕಾಳು ಮತ್ತು ಸೊಪ್ಪು, ಸುಣ್ಣಾಂಶಕ್ಕೆ ರಾಗಿ ಬರೆಯಬೇಕು. ಹಾನಿಗೊಂಡ ಕರುಳು ಪೋಷಕಾಂಶಗಳನ್ನು ಸರಿಯಾಗಿ ಹೀರದ ಕಾರಣ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ ಪರೀಕ್ಷೆಯೂ ಬೇಕು. ತಿಂಗಳುಗಳು ಕಳೆದರೂ ರಕ್ತದ ಟಿಟಿಜಿ ಪ್ರತಿಕಾಯ ಇಳಿಯದಿದ್ದರೆ, ಮೊದಲು ಇಂಗಿನ ಡಬ್ಬಿ ಮತ್ತು ಗಿರಣಿಯ ಬಗ್ಗೆ ಮತ್ತೆ ವಿಚಾರಿಸಬೇಕು.